ಐದು ವರ್ಷದ ಹಳೆಯ ತಿಂಗಳ ಫೀಸನ್ನು ಏಪ್ರಿಲ್‌ನಿಂದ ಏರಿಸಬೇಕಾಗಿದೆ: ಗಿರಣಿಯವರಿಗೆ ಪತ್ರ ಹೇಗೆ ಬರೆಯಲಿ?

ಲೆಕ್ಕ_ಗಂಗಾವತಿ · ಜನವರಿ 5, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಸ್ವತಂತ್ರವಾಗಿ ಜಿಎಸ್‌ಟಿ ಮತ್ತು ಲೆಕ್ಕಪತ್ರದ ಕೆಲಸ ಮಾಡುವವಳು. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡ 12 ಪಾರ್ಟಿಗಳಿದ್ದಾರೆ. ಅವರಲ್ಲಿ ಐವರು ರೈಸ್ ಮಿಲ್ಲಿನವರು, ಉಳಿದ ಏಳು ಜನ ಗೊಬ್ಬರದಂಗಡಿ, ಹಾರ್ಡ್‌ವೇರ್ ಅಂಗಡಿಗಳಂಥ ಸಣ್ಣ ವ್ಯಾಪಾರಿಗಳು. 2021ರಲ್ಲಿ ಕೆಲಸ ಆರಂಭಿಸಿದಾಗ ಮಿಲ್ಲಿಗೆ ತಿಂಗಳಿಗೆ 4,000 ರೂಪಾಯಿ, ಅಂಗಡಿಗೆ 1,500 ರೂಪಾಯಿ ಎಂದು ಹೇಳಿದ್ದೆ. ಇಂದಿಗೂ ಅಷ್ಟೇ ಪಡೆಯುತ್ತಿದ್ದೇನೆ.

ಏಪ್ರಿಲ್ 1ರಿಂದ ಮಿಲ್ಲುಗಳಿಗೆ 6,500 ಮತ್ತು ಅಂಗಡಿಗಳಿಗೆ 2,500 ಮಾಡಬೇಕೆಂದಿದ್ದೇನೆ. ನಾವು ಮೊದಲು ಬರೆದುಕೊಂಡ ಒಂದು ಪುಟದ ಒಪ್ಪಂದದಲ್ಲಿ, ಯಾರೇ ಬದಲಾವಣೆ ಬಯಸಿದರೂ ಒಂದು ತಿಂಗಳು ಮುಂಚೆ ತಿಳಿಸಬೇಕು ಎಂದಿದೆ. ನಾನು ಬರೆದಿಟ್ಟ ಪತ್ರ ಹೀಗಿದೆ:

"ಮಾನ್ಯರೇ, ದಿನದಿಂದ ದಿನಕ್ಕೆ ಎಲ್ಲ ವಸ್ತುಗಳ ಬೆಲೆ ಏರುತ್ತಿರುವುದು ತಮಗೆ ತಿಳಿದ ವಿಷಯ. ಆಫೀಸಿನ ಬಾಡಿಗೆ, ಸಾಫ್ಟ್‌ವೇರ್ ಖರ್ಚು, ಮಗಳ ಶಾಲೆಯ ಫೀಸು ಎಲ್ಲವೂ ಹೆಚ್ಚಾಗಿವೆ. ಇ-ಇನ್‌ವಾಯ್ಸ್ ಮುಂತಾದ ಹೊಸ ನಿಯಮಗಳಿಂದ ಕೆಲಸವೂ ಹೆಚ್ಚಾಗಿದೆ. ಆದ್ದರಿಂದ ಅನಿವಾರ್ಯವಾಗಿ ನನ್ನ ಶುಲ್ಕವನ್ನು ಪರಿಷ್ಕರಿಸುತ್ತಿದ್ದೇನೆ. ದಯವಿಟ್ಟು ಅನ್ಯಥಾ ಭಾವಿಸಬಾರದಾಗಿ ವಿನಂತಿ."

ಇದನ್ನೇ ಹನ್ನೆರಡೂ ಜನರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕೇ? ಎಲ್ಲರೂ ಒಟ್ಟಿಗೆ ಬಿಟ್ಟುಹೋದರೆ ಏನು ಮಾಡಲಿ ಎಂಬ ಅಳುಕು ಇದೆ.

ಜೀನ್ಸ್_ಕೌಲ್‌ಬಜಾರ್ · ಜನವರಿ 5, ರಾತ್ರಿ 10:15

ಜಿಎಸ್‌ಟಿ, ಏರಿಕೆ ಎಂಬ ಮಾತುಗಳನ್ನು ನೋಡಿ ಒಂದು ಕ್ಷಣ ಗಾಬರಿಯಾಯಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪ್ಯಾಂಟಿಗೆ ಶೇಕಡಾ 5 ಎಂದು ಕಡಿಮೆ ಮಾಡಿದ್ದರಲ್ಲವೇ? ಅದನ್ನು ಏಪ್ರಿಲ್‌ನಿಂದ ಮತ್ತೆ ಏರಿಸುತ್ತಾರೆಯೇ? ನಮ್ಮ ಬಳ್ಳಾರಿಯ ಯೂನಿಟ್‌ಗಳಿಗೆ ಇದರಿಂದ ತೊಂದರೆಯಾಗುತ್ತದೆ.

ರಾಯಚೂರು_ಪ್ರಾಜೆಕ್ಟ್ · ಜನವರಿ 5, ರಾತ್ರಿ 10:31

ಅಣ್ಣಾವರೇ, ಅವರು ತೆರಿಗೆಯ ದರದ ವಿಷಯ ಹೇಳುತ್ತಿಲ್ಲ, ತಮ್ಮ ಫೀಸಿನ ವಿಷಯ ಹೇಳುತ್ತಿದ್ದಾರೆ. ನಿಮ್ಮ ಪ್ಯಾಂಟಿನ ದರ ಹಾಗೆಯೇ ಇದೆ.

ಅಕ್ಕಾ, ನಾನು ರಾಯಚೂರಿನಲ್ಲಿ ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತೇನೆ. ನೀವು ಕೇಳುತ್ತಿರುವುದು ಹೆಚ್ಚೇನಲ್ಲ. 4,000ಕ್ಕೆ ವರ್ಷಕ್ಕೆ ಶೇಕಡಾ 10ರಂತೆ ಐದು ಸಲ ಏರಿಸುತ್ತ ಬಂದಿದ್ದರೆ ಈಗ 6,440ರ ಹತ್ತಿರ ಬರುತ್ತಿತ್ತು. ತಪ್ಪಾಗಿದ್ದು ಮೊತ್ತದಲ್ಲಿ ಅಲ್ಲ, ಐದು ವರ್ಷ ಸುಮ್ಮನಿದ್ದದ್ದರಲ್ಲಿ. ಈ ಸಲದ ಪತ್ರದಲ್ಲಿಯೇ "ಇನ್ನು ಮುಂದೆ ಪ್ರತಿ ಏಪ್ರಿಲ್‌ಗೆ ಶೇಕಡಾ 10" ಎಂದು ಬರೆದುಬಿಡಿ.

ಇನ್ನೊಂದು ಉಪಾಯವೂ ಇದೆ. ಫೀಸಿನ ಮೇಲೆ ಶೇಕಡಾ 18 ಜಿಎಸ್‌ಟಿ ಹಾಕಿ. ಅವರಿಗೆ ಅದು ಕ್ರೆಡಿಟ್ ಆಗಿ ವಾಪಸ್ ಸಿಗುವುದರಿಂದ ಯಾರಿಗೂ ಭಾರವಾಗುವುದಿಲ್ಲ, ನಿಮ್ಮ ಬಿಲ್ಲಿಗೂ ಒಂದು ಘನತೆ ಬರುತ್ತದೆ.

ಬಳ್ಳಾರಿ_ಸಿಎ · ಜನವರಿ 6, ಬೆಳಿಗ್ಗೆ 6:50

ಮೊದಲು ಜಿಎಸ್‌ಟಿಯ ಮಾತನ್ನು ಮುಗಿಸುತ್ತೇನೆ. ಐದು ಮಿಲ್ಲಿಗೆ 6,500, ಏಳು ಅಂಗಡಿಗೆ 2,500 ಎಂದರೂ ಇವರ ವರ್ಷದ ಆದಾಯ ಆರು ಲಕ್ಷವಾಗುತ್ತದೆ. ಸೇವೆ ಕೊಡುವವರಿಗೆ ನೋಂದಣಿ ಕಡ್ಡಾಯವಾಗುವುದು 20 ಲಕ್ಷ ದಾಟಿದ ಮೇಲೆ, ಮತ್ತು ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಂಡರೂ ಮಿಲ್ಲಿನವರಿಗೆ ಆ 18 ಪೂರ್ತಿ ವಾಪಸ್ ಬರುವುದಿಲ್ಲ. 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಮಾತ್ರ ಶೇಕಡಾ 5 ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. ತೆರಿಗೆ ಇಲ್ಲದ ಮಾರಾಟದ ಪಾಲಿಗೆ ಕ್ರೆಡಿಟ್ ಕೂಡ ಇಲ್ಲ. 30 ಕಿಲೋ ಚೀಲವನ್ನೇ ಹೆಚ್ಚಾಗಿ ಮಾರುವ ಮಿಲ್ಲಿಗೆ ನಿಮ್ಮ 18ರಲ್ಲಿ ಹೆಚ್ಚಿನ ಪಾಲು ಶುದ್ಧ ಖರ್ಚಾಗುತ್ತದೆ.

ಈಗ ಪತ್ರದ ವಿಷಯ. ಮೂವತ್ತು ವರ್ಷದಲ್ಲಿ ಇಂಥ ಪತ್ರಗಳನ್ನು ನಾನು ಬರೆದಿದ್ದೇನೆ, ನನ್ನ ಕಕ್ಷಿದಾರರಿಗೆ ಬಂದವನ್ನು ಓದಿಯೂ ಇದ್ದೇನೆ. ನಿಮ್ಮ ಮಗಳ ಶಾಲೆಯ ಫೀಸು ನಿಜವಾದ ಕಾರಣವೇ ಇರಬಹುದು, ಆದರೆ ಸಾಹುಕಾರನಿಗೆ ಅದನ್ನು ಪರಿಶೀಲಿಸುವ ದಾರಿಯಿಲ್ಲ. ಓದಿದವನು ಒಂದೋ ಮರುಗುತ್ತಾನೆ, ಇಲ್ಲವೇ "ನನಗೂ ಮಕ್ಕಳಿದ್ದಾರೆ" ಎನ್ನುತ್ತಾನೆ. ಅವನ ಫೈಲಿನಲ್ಲಿಯೇ ಕಾಣುವ ಕಾರಣವನ್ನು ಬರೆದರೆ ಈ ಎರಡಕ್ಕೂ ಎಡೆಯಿಲ್ಲ.

ಅದಕ್ಕಿಂತ ಮುಖ್ಯವಾದುದು, ಹನ್ನೆರಡು ಜನರಿಗೂ ಒಂದೇ ಪತ್ರ ಕಳಿಸಿದರೆ ಅದು ಕೆಲವರಿಗಾದರೂ ಸುಳ್ಳಾಗುತ್ತದೆ. ಇ-ಇನ್‌ವಾಯ್ಸ್ ಕಡ್ಡಾಯವಾದದ್ದು ವಹಿವಾಟು 5 ಕೋಟಿ ದಾಟಿದವರಿಗೆ, ಅದೂ 2023ರ ಆಗಸ್ಟ್ 1ರಿಂದ. ನಿಮ್ಮ ಗೊಬ್ಬರದಂಗಡಿಯವನ ವಹಿವಾಟು ಅಷ್ಟಿದೆಯೇ? ಇಲ್ಲವಾದರೆ ಅವನಿಗೆ ಇ-ಇನ್‌ವಾಯ್ಸ್‌ನ ಕಾರಣ ಹೇಳಿ 1,500ನ್ನು 2,500 ಮಾಡುವುದು ಸರಿಯಲ್ಲ. ಮೊದಲು ಯಾವ ಪಾರ್ಟಿಗೆ ತಿಂಗಳಿಗೆ ಎಷ್ಟು ಗಂಟೆ ಹೋಗುತ್ತಿದೆ ಎಂಬುದನ್ನು ಬರೆದು ತೋರಿಸಿ.

ಲೆಕ್ಕ_ಗಂಗಾವತಿ · ಜನವರಿ 6, ರಾತ್ರಿ 10:05

ಸರ್, ನವೆಂಬರ್‌ನಲ್ಲಿ ಒಂದು ಡೈರಿ ಇಟ್ಟಿದ್ದೆ, ಇಂದು ಅದನ್ನು ತೆಗೆದು ಕೂಡಿಸಿದೆ. ಒಂದು ಮಿಲ್ಲಿನ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ.

2021ರಲ್ಲಿ ಈ ಮಿಲ್ಲಿನ ಕೆಲಸ ತಿಂಗಳಿಗೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿತ್ತು: ಬಿಲ್ಲುಗಳನ್ನು ಎಂಟ್ರಿ ಮಾಡಿ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. ಆ ನಾಲ್ಕು ಗಂಟೆ ಈಗಲೂ ಇವೆ. ಅದರ ಮೇಲೆ ಮಾರಿದವರು ಪೋರ್ಟಲ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿಯನ್ನು ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡುವುದಕ್ಕೆ ಎರಡು ಗಂಟೆ ಹಿಡಿಯುತ್ತದೆ. 2022ರ ಜನವರಿಯಿಂದ, ಮಾರಿದವನು ತೋರಿಸದೇ ಇರುವ ಬಿಲ್ಲಿಗೆ ಕ್ರೆಡಿಟ್ ಇಲ್ಲದ ಕಾರಣ, ಚೀಲದ ವ್ಯಾಪಾರಿಗೆ, ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಾನೇ ಫೋನ್ ಮಾಡಿ "ನಮ್ಮ ಬಿಲ್ ಹಾಕಿಲ್ಲ, ಹಾಕಿ" ಎಂದು ಬೆನ್ನುಹತ್ತಬೇಕು. ಇನ್ನು ಒಂದೂವರೆ ಗಂಟೆ ನೀವು ಹೇಳಿದ ಆ 25 ಕಿಲೋದ ಲೆಕ್ಕಕ್ಕೆ. 2022ರ ಜುಲೈ 18ರಿಂದ ಈ ಮಿಲ್ಲಿನ 10 ಮತ್ತು 25 ಕಿಲೋ ಚೀಲಕ್ಕೆ ತೆರಿಗೆ ಇದೆ, 30 ಕಿಲೋ ಚೀಲಕ್ಕೆ ಇಲ್ಲ, ಆದರೆ ಯಂತ್ರದ ಬಿಡಿಭಾಗ ಎರಡಕ್ಕೂ ಒಂದೇ. ಆದ್ದರಿಂದ ಕ್ರೆಡಿಟ್ಟನ್ನು ಪ್ರತಿ ತಿಂಗಳೂ ಮಾರಾಟದ ಪ್ರಮಾಣದಲ್ಲಿ ಭಾಗ ಮಾಡಬೇಕು.

ಕೊನೆಯದು ಎರಡೂವರೆ ಗಂಟೆಯ ಇ-ಇನ್‌ವಾಯ್ಸ್. ಹೊಸ ಕೆಲಸಗಳಲ್ಲಿ ಅದೇ ದೊಡ್ಡದು, ಅದು ಬರುವ ಹೊತ್ತೂ ಬೇರೆ. ರಾತ್ರಿ ಹತ್ತು ಗಂಟೆಗೆ ಲಾರಿ ಲೋಡಾಗಿ ಗೇಟಿನ ಮುಂದೆ ನಿಂತಿರುತ್ತದೆ, ಮಿಲ್ಲಿನ ಗುಮಾಸ್ತ ಬಿಲ್ಲಿನ ಫೋಟೋ ಕಳಿಸುತ್ತಾನೆ, ನಾನು ಊಟದ ತಟ್ಟೆ ಬದಿಗಿಟ್ಟು ಐಆರ್‌ಎನ್ ತೆಗೆದು ಕ್ಯೂಆರ್ ಕೋಡ್ ಇರುವ ಬಿಲ್ಲನ್ನೂ ಇ-ವೇ ಬಿಲ್ಲನ್ನೂ ಕಳಿಸಬೇಕು. ಪಿನ್ ಕೋಡ್ ತಪ್ಪಿದ್ದರೆ ಡ್ರೈವರ್‌ನ ಬೈಗುಳವೂ ನನ್ನ ಪಾಲಿಗೇ ಬರುತ್ತದೆ.

ಒಟ್ಟು ಹತ್ತು ಗಂಟೆ. ಆಗ ಗಂಟೆಗೆ ಸಾವಿರ ರೂಪಾಯಿ ಬೀಳುತ್ತಿತ್ತು, ಈಗ ನಾನೂರು ಬೀಳುತ್ತಿದೆ. 6,500 ಮಾಡಿದರೂ ಆರುನೂರೈವತ್ತೇ.

ಅಂಗಡಿಗಳ ಪುಟ ನೋಡಿದಾಗ ಮಾತ್ರ ನಾಚಿಕೆಯಾಯಿತು. ಗೊಬ್ಬರದಂಗಡಿಯವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆಯಲ್ಲಿದ್ದಾರೆ. ಅವರ ಕೆಲಸ 2021ರಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಈಗಲೂ ಅಷ್ಟೇ ಇದೆ.

ಕೊಪ್ಪಳ_ಡಿಸೈನ್ · ಜನವರಿ 6, ರಾತ್ರಿ 10:48

ನನ್ನ ಅನುಭವವನ್ನು ಹೇಳಿಬಿಡುತ್ತೇನೆ. ನಾನು ನಾಲ್ಕು ಅಂಗಡಿಗಳಿಗೆ ತಿಂಗಳ ಲೆಕ್ಕದಲ್ಲಿ ಪೋಸ್ಟರ್, ಜಾಹೀರಾತು ಮಾಡಿಕೊಡುತ್ತೇನೆ. ಕಳೆದ ವರ್ಷ ದರ ಏರಿಸಿದಾಗ ಕಾರಣಗಳನ್ನೇ ಬರೆಯಲಿಲ್ಲ, "ಮುಂದಿನ ತಿಂಗಳಿನಿಂದ ಇಷ್ಟು" ಎಂದು ಒಂದು ಸಾಲು ಕಳಿಸಿದೆ. ಮೂವರು ಒಪ್ಪಿದರು, ಒಬ್ಬರು ಬಿಟ್ಟರು. ಬಿಟ್ಟವರು ಹೇಗೂ ಹಣ ಕೊಡಲು ಸತಾಯಿಸುತ್ತಿದ್ದವರು. ಕಾರಣ ಹೇಳಿದಷ್ಟೂ ಚೌಕಾಸಿಗೆ ಬಾಗಿಲು ತೆರೆದಂತೆ ಎಂಬುದು ನನ್ನ ಅಭಿಪ್ರಾಯ.

ಸಿಂಧನೂರು_ಮಿಲ್ · ಜನವರಿ 7, ಮಧ್ಯಾಹ್ನ 2:20

ಫೀಸು ಕೊಡುವ ಕಡೆಯವನಾಗಿ ನಾನೊಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಬರೆದವರೆಲ್ಲರೂ ಫೀಸು ಪಡೆಯುವವರೇ.

ಎರಡು ವರ್ಷದ ಹಿಂದೆ ನಮ್ಮ ಲೆಕ್ಕದವರಿಂದ ನನಗೂ ಇಂಥ ಒಂದು ಸಾಲು ಬಂತು, "ಮುಂದಿನ ತಿಂಗಳಿನಿಂದ ಇಷ್ಟು" ಎಂದು. ಅದು ಬಂದದ್ದು 18ನೇ ತಾರೀಖು, 3ಬಿ ಹಾಕಲು ಎರಡು ದಿನ ಉಳಿದಿದ್ದಾಗ. ಮೊತ್ತ ನನಗೆ ಭಾರವಾಗಿರಲಿಲ್ಲ. ಆದರೆ ಒಪ್ಪದಿದ್ದರೆ ರಿಟರ್ನ್ ನಿಲ್ಲುತ್ತದೆಯೇ ಎಂಬ ಅನುಮಾನ ಬಂದು ಮನಸ್ಸು ಕೆಟ್ಟಿತು. ಹೂಂ ಎಂದೆ, ಮೂರು ತಿಂಗಳಲ್ಲಿ ಬೇರೆಯವರನ್ನು ಹುಡುಕಿಕೊಂಡೆ. ಕಾರಣ ಹೇಳಿದ್ದರೆ ಖಂಡಿತ ಇರುತ್ತಿದ್ದೆ.

ತಾಯೀ, ಇನ್ನೊಂದು ವಿಷಯ. ತುಂಗಭದ್ರಾ ಅಣೆಕಟ್ಟೆಯ ಗೇಟುಗಳ ಕೆಲಸದ ಕಾರಣ ಈ ಸಲ ಎರಡನೇ ಬೆಳೆಗೆ ನೀರಿಲ್ಲ. ಬೇಸಿಗೆಯ ನೆಲ್ಲು ಬರುವುದಿಲ್ಲ, ಕೂಡಿಟ್ಟ ದಾಸ್ತಾನು ಮುಗಿದ ಮೇಲೆ ಮಿಲ್ಲು ನಿಲ್ಲುತ್ತದೆ. ಏಪ್ರಿಲ್‌ನಿಂದ ಏರಿಸುವುದಕ್ಕಿಂತ ಮುಂಗಾರಿನ ನೆಲ್ಲು ಬರುವ ನವೆಂಬರ್‌ನಿಂದ ಏರಿಸಿದರೆ ನಮ್ಮಂಥವರಿಗೆ ಅನುಕೂಲ.

ಬಳ್ಳಾರಿ_ಸಿಎ · ಜನವರಿ 7, ರಾತ್ರಿ 8:10

ಸಿಂಧನೂರಿನ ಸಾಹುಕಾರರು ಹೇಳಿದ ತಾರೀಖಿನ ಮಾತು ಚಿನ್ನದಂಥದ್ದು. ನಿಮ್ಮ ಒಪ್ಪಂದ ಒಂದು ತಿಂಗಳು ಎನ್ನುತ್ತದೆ, ಆದರೆ ಅದು ಕನಿಷ್ಠ ಮಿತಿ. ಮಿಲ್ಲಿನವನಿಗೆ ಬೇರೊಬ್ಬರನ್ನು ಹುಡುಕಿ, ಮಾತಾಡಿ, ಒಂದು ತಿಂಗಳ ರಿಟರ್ನನ್ನು ಇಬ್ಬರೂ ನೋಡುವಂತೆ ಮಾಡಲು ಎರಡು ತಿಂಗಳಾದರೂ ಬೇಕು. ಜನವರಿ 21ರಿಂದ 31ರೊಳಗೆ ಪತ್ರ ಕೊಡಿ, ಜಾರಿ ಏಪ್ರಿಲ್ 1ರಿಂದ ಇರಲಿ. 10ರಿಂದ 20ರ ನಡುವೆ ಮಾತ್ರ ಕೊಡಬೇಡಿ. ಮಾರ್ಚ್ ತಿಂಗಳ ರಿಟರ್ನನ್ನು ನೀವು ಹಾಕುವುದು ಏಪ್ರಿಲ್‌ನಲ್ಲಿ, ಅದಕ್ಕೆ ಹಳೆಯ ಫೀಸೋ ಹೊಸದೋ ಎಂಬ ಜಗಳ ಬಂದೇ ಬರುತ್ತದೆ. ಹಳೆಯದು ಎಂದು ಪತ್ರದಲ್ಲಿಯೇ ಬರೆಯಿರಿ.

ನವೆಂಬರ್‌ವರೆಗೆ ತಡೆಯಿರಿ ಎಂಬುದನ್ನು ನಾನು ಒಪ್ಪುವುದಿಲ್ಲ. ಮಿಲ್ಲು ನಿಂತ ತಿಂಗಳಲ್ಲೂ ರಿಟರ್ನ್ ಹಾಕಲೇಬೇಕು. ಬಿಲ್ಲು ಕಡಿಮೆಯಾದ ತಿಂಗಳಲ್ಲಿ ಕಡಿಮೆ ಫೀಸು ಎಂದು ಬೇಕಾದರೆ ಇಬ್ಬರೂ ಕೂತು ಮಾತಾಡಬಹುದು.

ಕೊಪ್ಪಳದವರ ಒಂದು ಸಾಲಿನ ಪತ್ರ ಪೋಸ್ಟರ್ ಕೆಲಸಕ್ಕೆ ನಡೆಯುತ್ತದೆ, ಯಾಕೆಂದರೆ ಗಿರಾಕಿ ಮರುದಿನವೇ ಬೇರೆ ಕಡೆ ಹೋಗಬಲ್ಲ. ಲೆಕ್ಕದ ಕೆಲಸದಲ್ಲಿ ಅವನ ಜುಟ್ಟು ನಮ್ಮ ಕೈಯಲ್ಲಿರುತ್ತದೆ, ಅದಕ್ಕೇ ಕಾರಣ ಹೇಳಬೇಕು.

ಯಾರೂ ಎತ್ತದ ಇನ್ನೊಂದು ವಿಷಯವೂ ಇದೆ. 4,000ದಂತೆ ವರ್ಷಕ್ಕೆ 48,000 ಆಗುತ್ತಿತ್ತು. 2025ರ ಏಪ್ರಿಲ್‌ನಿಂದ ವೃತ್ತಿಪರ ಶುಲ್ಕದ ಟಿಡಿಎಸ್ ಮಿತಿ ವರ್ಷಕ್ಕೆ 50,000 ಆಗಿರುವುದರಿಂದ ಈ ವರ್ಷ ಯಾವ ಮಿಲ್ಲೂ ನಿಮ್ಮ ಫೀಸಿನಲ್ಲಿ ಕಡಿತ ಮಾಡಬೇಕಾಗಿರಲಿಲ್ಲ. 6,500 ಆದರೆ 78,000. ಮಿತಿ ದಾಟಿದ ಮೇಲೆ ಪೂರ್ತಿ ಮೊತ್ತಕ್ಕೆ ಶೇಕಡಾ 10 ಕಡಿತವಾಗುತ್ತದೆ, ತಿಂಗಳಿಗೆ 650 ಹೋಗಿ ಕೈಗೆ 5,850 ಬರುತ್ತದೆ. ನಿಮ್ಮ ಆದಾಯಕ್ಕೆ ರಿಟರ್ನ್ ಹಾಕಿದರೆ ಆ ಹಣ ವಾಪಸ್ ಬರುತ್ತದೆ, ಆದರೆ ಬರುವುದು ಮರುವರ್ಷ. ಮನೆಯ ಖರ್ಚನ್ನು 6,500ರ ಮೇಲೆ ಲೆಕ್ಕ ಹಾಕಬೇಡಿ.

ಲೆಕ್ಕ_ಗಂಗಾವತಿ · ಜನವರಿ 7, ರಾತ್ರಿ 9:02

ಇದು ನನಗೆ ಹೊಳೆದೇ ಇರಲಿಲ್ಲ ಸರ್. ತಮಾಷೆಯೆಂದರೆ, ನನ್ನ ಫೀಸಿನಲ್ಲಿ ಹಿಡಿದ ಆ ಟಿಡಿಎಸ್‌ನ ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಅವರ ಪರವಾಗಿ ತುಂಬುವವಳೂ ನಾನೇ.

ಜೀನ್ಸ್_ಕೌಲ್‌ಬಜಾರ್ · ಜನವರಿ 7, ರಾತ್ರಿ 9:30

ಮೊನ್ನೆ ತಪ್ಪಾಗಿ ಓದಿದೆ, ಕ್ಷಮಿಸಿ. ಜುಟ್ಟಿನ ಮಾತು ಬಂದದ್ದಕ್ಕೆ ನನ್ನದೂ ಒಂದು ಕಥೆ ಹೇಳುತ್ತೇನೆ. ನಮ್ಮ ಹಳೆಯ ಲೆಕ್ಕದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕಿದ್ದರು. ಫೀಸು ಜಾಸ್ತಿ ಕೇಳಿದರು, ನಾನು ಆಗುವುದಿಲ್ಲ ಎಂದೆ. ಆಮೇಲೆ ಓಟಿಪಿ ಬೇಕೆಂದಾಗಲೆಲ್ಲ ಅವರ ಫೋನು ಸ್ವಿಚ್ ಆಫ್. ನಂಬರ್ ಬದಲಾಯಿಸಿಕೊಳ್ಳಲು ಎರಡು ತಿಂಗಳು ಓಡಾಡಿದೆ, ಅಷ್ಟರಲ್ಲಿ ಲೇಟ್ ಫೀ ಬಿತ್ತು.

ಬಳ್ಳಾರಿ_ಸಿಎ · ಜನವರಿ 7, ರಾತ್ರಿ 9:55

ಗಂಗಾವತಿಯವರೇ, ಪ್ರಾಮಾಣಿಕವಾಗಿ ಹೇಳಿ: ನಿಮ್ಮ ಹನ್ನೆರಡು ಜನರಲ್ಲಿ ಎಷ್ಟು ಜನರ ಓಟಿಪಿ ನಿಮ್ಮ ಫೋನಿಗೆ ಬರುತ್ತದೆ?

ಲೆಕ್ಕ_ಗಂಗಾವತಿ · ಜನವರಿ 7, ರಾತ್ರಿ 10:20

ಒಂಬತ್ತು ಜನರದ್ದು. "ನೀವೇ ನೋಡಿಕೊಳ್ಳಿ" ಎಂದು ಅವರೇ ಹೇಳಿದ್ದರು, ನನಗೂ ರಾತ್ರಿ ಹೊತ್ತು ಅವರನ್ನು ಎಬ್ಬಿಸುವ ಕಷ್ಟ ತಪ್ಪುತ್ತಿತ್ತು.

ಬಳ್ಳಾರಿ_ಸಿಎ · ಜನವರಿ 7, ರಾತ್ರಿ 10:34

ಹಾಗಾದರೆ ಪತ್ರಕ್ಕೂ ಮುಂಚೆ ಅದನ್ನು ಬದಲಾಯಿಸಿ. ಪೋರ್ಟಲ್‌ನಲ್ಲಿ ನೋಂದಣಿಯ ತಿದ್ದುಪಡಿಗೆ ಹೋಗಿ, ಸಹಿ ಅಧಿಕಾರವುಳ್ಳವರ ಜಾಗದಲ್ಲಿ ಮಾಲೀಕರ ಮೊಬೈಲ್ ಮತ್ತು ಇ-ಮೇಲ್ ಹಾಕಿ. ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಅವರ ಟ್ಯಾಲಿ ಬ್ಯಾಕಪ್ಪನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡಿ. ಬೇಡ ಎನ್ನುವ ಸ್ವಾತಂತ್ರ್ಯ ಅವನಿಗೆ ಇಲ್ಲದಿದ್ದರೆ ಎರಡು ತಿಂಗಳ ನೋಟಿಸು ಹೆಸರಿಗಷ್ಟೇ ಆಗುತ್ತದೆ.

ರಾಯಚೂರು_ಪ್ರಾಜೆಕ್ಟ್ · ಜನವರಿ 7, ರಾತ್ರಿ 11:02

ಜಿಎಸ್‌ಟಿ ವಿಷಯದಲ್ಲಿ ನನ್ನ ಮಾತು ತಪ್ಪಾಗಿತ್ತು ಎಂದು ಒಪ್ಪುತ್ತೇನೆ. ಆದರೆ ಪ್ರತಿ ವರ್ಷ ಶೇಕಡಾ 10ರ ಮಾತನ್ನು ಬಿಡಬೇಡಿ ಅಕ್ಕಾ.

ಲೆಕ್ಕ_ಗಂಗಾವತಿ · ಜನವರಿ 22, ರಾತ್ರಿ 9:15

ಎರಡು ವಾರ ಬರೆಯಲಾಗಲಿಲ್ಲ, ರಿಟರ್ನ್ ದಿನಗಳು. ಅಷ್ಟರಲ್ಲಿ ಎಂಟು ಜನರ ನಂಬರ್ ಬದಲಾಯಿಸಿದೆ. ನಿನ್ನೆ ಮೂವರು ಮಿಲ್ಲಿನವರಿಗೆ ಪತ್ರವನ್ನು ಅಚ್ಚು ಹಾಕಿಸಿ, ಕೈಯಾರೆ ಕೊಟ್ಟು ಬಂದೆ. ಒಂದು ಪತ್ರ ಹೀಗಿದೆ:

"ಮಾನ್ಯರೇ, 2021ರಿಂದ ತಮ್ಮ ಮಿಲ್ಲಿನ ಲೆಕ್ಕಪತ್ರದ ಕೆಲಸಕ್ಕೆ ತಿಂಗಳಿಗೆ 4,000 ರೂಪಾಯಿ ಪಡೆಯುತ್ತಿದ್ದೇನೆ. 2026ರ ಏಪ್ರಿಲ್ 1ರಿಂದ ಇದು 6,500 ರೂಪಾಯಿ ಆಗುತ್ತದೆ. ಏಪ್ರಿಲ್‌ನಲ್ಲಿ ಸಲ್ಲಿಸುವ ಮಾರ್ಚ್ ತಿಂಗಳ ರಿಟರ್ನ್ ಹಳೆಯ ಶುಲ್ಕದಲ್ಲಿಯೇ ಸೇರಿದೆ. ತಮ್ಮ ಕೆಲಸಕ್ಕೆ ಆಗ ತಿಂಗಳಿಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು, ಕಳೆದ ನವೆಂಬರ್‌ನಲ್ಲಿ ಹತ್ತು ಗಂಟೆ ಹಿಡಿಯಿತು. ಹೆಚ್ಚಿದ ಆರು ಗಂಟೆ ಯಾವ ಕೆಲಸಕ್ಕೆ ಹೋಯಿತು ಎಂಬ ವಿವರ ಹಿಂಬದಿಯಲ್ಲಿದೆ. ಇ-ಇನ್‌ವಾಯ್ಸ್ ಕೆಲಸವನ್ನು ತಮ್ಮ ಗುಮಾಸ್ತರೇ ಮಾಡುವುದಾದರೆ ಅವರಿಗೆ ಕಲಿಸಿಕೊಡುತ್ತೇನೆ, ಆಗ ಶುಲ್ಕ 5,200 ರೂಪಾಯಿ. ಈ ವ್ಯವಸ್ಥೆ ಒಪ್ಪಿಗೆಯಾಗದಿದ್ದರೆ ಮಾರ್ಚ್ 31ರವರೆಗೆ ಹಳೆಯ ಶುಲ್ಕದಲ್ಲಿಯೇ ಕೆಲಸ ಮಾಡಿ, ತಾವು ಹೇಳಿದವರಿಗೆ ದಾಖಲೆಗಳನ್ನು ಒಪ್ಪಿಸುತ್ತೇನೆ."

ಶೇಕಡಾ 10ರ ಸಾಲನ್ನು ಬರೆಯಲು ಮನಸ್ಸಾಗಲಿಲ್ಲ. ಮುಂದಿನ ವರ್ಷ ಗಂಟೆಗಳು ಕಡಿಮೆಯಾದರೆ ಏನು ಹೇಳಲಿ? ಅದರ ಬದಲು "ಪ್ರತಿ ಜನವರಿಯಲ್ಲಿ ಇಬ್ಬರೂ ಕೂತು ನೋಡೋಣ" ಎಂದು ಸೇರಿಸಿದೆ. ಗೊಬ್ಬರದಂಗಡಿಯವರಿಗೆ 1,500ರ ಬದಲು 1,700 ಎಂದು ಬರೆಯುತ್ತಿದ್ದೇನೆ. ಕಾರಣ ಒಂದೇ ಸಾಲು: ಐದು ವರ್ಷದಿಂದ ದರ ಬದಲಾಗಿಲ್ಲ, ಕೆಲಸ ಹೆಚ್ಚಾಗಿಲ್ಲ.

ಸಿಂಧನೂರು_ಮಿಲ್ · ಜನವರಿ 22, ರಾತ್ರಿ 9:50

ಪತ್ರ ಚೆನ್ನಾಗಿದೆ ತಾಯೀ. ಏಪ್ರಿಲ್ ಎಂಬುದರ ಬಗ್ಗೆ ಮಾತ್ರ ನನ್ನ ಅಸಮಾಧಾನ ಹಾಗೆಯೇ ಇದೆ. ಹಿಂಬದಿಯ ವಿವರ ಕೊಟ್ಟದ್ದು ಒಳ್ಳೆಯದು, ನಮ್ಮ ಗುಮಾಸ್ತನಿಗೂ ಅದನ್ನು ಓದಿಸಬೇಕು.

ಲೆಕ್ಕ_ಗಂಗಾವತಿ · ಜನವರಿ 29, ರಾತ್ರಿ 10:10

ಮೂವರ ಉತ್ತರ ಹೇಳುತ್ತೇನೆ. ಮೊದಲನೆಯವರು ಹಿಂಬದಿಯ ಪುಟ ನೋಡಿ, "ರಾತ್ರಿ ಬಿಲ್ಲು ತೆಗೆಯುವುದು ನೀವೇ ಎಂದು ನನಗೆ ಗೊತ್ತಿರಲಿಲ್ಲ, ಅದು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ" ಎಂದರು, 6,500ಕ್ಕೆ ಒಪ್ಪಿದರು. ಎರಡನೆಯವರು 5,000ಕ್ಕೆ ಇಳಿಸಿ ಎಂದು ಅರ್ಧ ಗಂಟೆ ಕೂರಿಸಿಕೊಂಡರು. ನಾನು ಮೊತ್ತ ಇಳಿಸಲಿಲ್ಲ, ಕೊನೆಗೆ ಗುಮಾಸ್ತನಿಗೆ ಕಲಿಸಿ 5,200 ಎಂದಾಯಿತು. ಆ ಹುಡುಗ ಮೊದಲ ದಿನವೇ ಗಾಡಿ ನಂಬರ್ ತಪ್ಪಾಗಿ ಹಾಕಿ ನನಗೇ ಫೋನ್ ಮಾಡಿದ. ಹೀಗೆ ತಿಂಗಳಿಗೆ ಹತ್ತು ಸಲ ಫೋನ್ ಬಂದರೆ ನಾನು ಉಳಿಸಿದ್ದು ಏನೂ ಇಲ್ಲ, ಏಪ್ರಿಲ್‌ನಿಂದ ಡೈರಿಯಲ್ಲಿ ಅದನ್ನೂ ಬರೆಯಬೇಕು.

ಮೂರನೆಯವರು ಪತ್ರ ತೆಗೆದುಕೊಂಡು "ನೋಡೋಣ" ಎಂದಷ್ಟೇ ಹೇಳಿದ್ದಾರೆ. ಒಂಬತ್ತರಲ್ಲಿ ನಂಬರ್ ಬದಲಾಯಿಸಲು ಉಳಿದಿರುವುದು ಅವರದ್ದೇ. ಎರಡು ಸಲ ಕೇಳಿದೆ, "ಇರಲಿ ಬಿಡಮ್ಮ, ನಿನ್ನ ಹತ್ತಿರವೇ ಇರಲಿ" ಎನ್ನುತ್ತಾರೆ. ಬಳ್ಳಾರಿ ಸರ್, ಅವರು ಬೇಡವೆಂದರೂ ಬದಲಾಯಿಸಿಬಿಡಲೇ?

ಬಳ್ಳಾರಿ_ಸಿಎ · ಜನವರಿ 30, ಬೆಳಿಗ್ಗೆ 6:40

ಅವರಿಗೆ ಹೇಳದೆ ಬದಲಾಯಿಸಬೇಡಿ. ಮಿಲ್ಲಿಗೆ ಹೋಗಿ ಅವರ ಎದುರಿಗೇ ಕೂತು, ಅವರ ಫೋನಿಗೆ ಬಂದ ಓಟಿಪಿಯನ್ನು ಅವರಿಂದಲೇ ಓದಿಸಿ. ಆ ದಿನ ಫೀಸಿನ ಮಾತು ಎತ್ತಬೇಡಿ.